ಮಾತಿಗೆ ದಾರಿ ಬಿಡುವ ಸಂಗೀತ

"ಇಂದು ಇಲ್ಲಿ ಪೂಜೆ ನಡೆಯುವುದಿಲ್ಲ." ಸೋಮನಾಥಪುರದ ಕೇಶವ ದೇವಾಲಯದ ಬಗ್ಗೆ ಒಂದು ಪುಟ್ಟ ವಿಡಿಯೊ ಮಾಡುವವರು ಈ ಸಾಲನ್ನು ಎಲ್ಲೋ ಒಂದು ಕಡೆ ಹೇಳಲೇಬೇಕು. ಈಗ ಇದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. "ಇಂದು" ಎನ್ನುವಾಗ ದನಿ ತುಂಬಿಕೊಂಡಿರುತ್ತದೆ. ಕೊನೆಯ "ವುದಿಲ್ಲ"ಕ್ಕೆ ಬರುವ ಹೊತ್ತಿಗೆ ಉಸಿರು ತೀರುತ್ತಾ ಬಂದು ದನಿ ತಾನಾಗಿ ಇಳಿದುಹೋಗುತ್ತದೆ. ಸರಿಯಾಗಿ ಆ ಗಳಿಗೆಯಲ್ಲೇ ಹಿನ್ನೆಲೆಯ ವೀಣೆ ಮೇಲೆದ್ದು ಬಂತು ಅನ್ನಿ. ಕೇಳುವವರಿಗೆ ದಕ್ಕುವುದು "ಇಂದು ಇಲ್ಲಿ ಪೂಜೆ ನಡೆಯು" ಎಂಬಷ್ಟೇ. ಅಲ್ಲಿ ಪೂಜೆ ನಡೆಯುತ್ತದೆ ಎಂದುಕೊಂಡು ಅವರು ಮುಂದಕ್ಕೆ ಹೋಗುತ್ತಾರೆ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಲ್ಲ, ಬೇಡ, ಬಾರದು, ಕೂಡದು ಎಂಬ ನಿಷೇಧವೆಲ್ಲ ಅಲ್ಲೇ ಇರುತ್ತದೆ. ಓದುವವರ ದನಿ ಅತ್ಯಂತ ಮೆತ್ತಗಾಗುವ ಜಾಗವೂ ಅದೇ. ಹಾಗಾಗಿ ನಮ್ಮ ಭಾಷೆಯ ನಿರೂಪಣೆಯಲ್ಲಿ ಸಂಗೀತವನ್ನು ತಗ್ಗಿಸುವುದಕ್ಕಿಂತ ಮತ್ತೆ ಏರಿಸುವುದೇ ನಾಜೂಕಿನ ಕೆಲಸ. ಹೆಚ್ಚಿನವರು ತಗ್ಗಿಸುವುದರ ಬಗ್ಗೆ ತಲೆ ಕೆಡಿಸಿಕೊಂಡು, ಏರಿಸುವುದನ್ನು ಯಂತ್ರದ ಪಾಲಿಗೆ ಬಿಟ್ಟುಬಿಡುತ್ತಾರೆ.

ಮಾತು ಬಂದಾಗ ಸಂಗೀತ ತಗ್ಗಿ, ಮಾತು ನಿಂತಾಗ ಮತ್ತೆ ಮೇಲೇಳುವ ಈ ಏರ್ಪಾಟಿಗೆ ಧ್ವನಿ ಕೆಲಸದವರು ಡಕಿಂಗ್ ಎನ್ನುತ್ತಾರೆ. ರೇಡಿಯೊ ಸ್ಟುಡಿಯೊಗಳಲ್ಲಿ ಇದು ಕೈಕೆಲಸವಾಗಿತ್ತು. ಮಿಕ್ಸರ್ ಮುಂದೆ ಕೂತವರು ಒಂದು ಕಣ್ಣು ಸ್ಕ್ರಿಪ್ಟಿನ ಮೇಲಿಟ್ಟು, ಬೆರಳನ್ನು ಸಂಗೀತದ ಫೇಡರ್ ಮೇಲಿಟ್ಟು, ಉದ್ಘೋಷಕರು ಬಾಯಿ ತೆರೆಯುವ ಮುಂಚೆಯೇ ಫೇಡರ್ ಇಳಿಸುತ್ತಿದ್ದರು. ಕೊನೆಯ ಶಬ್ದ ಮುಗಿದು, ಅದು ಮುಗಿಯಿತೆಂದು ಖಾತ್ರಿಯಾದ ಮೇಲೆ ನಿಧಾನವಾಗಿ ಏರಿಸುತ್ತಿದ್ದರು. ಈಗ ಅದೇ ಕೆಲಸವನ್ನು ಮೊಬೈಲಿನ ಎಡಿಟಿಂಗ್ ಆ್ಯಪ್ ಕೂಡ ಒಂದು ಗುಂಡಿ ಒತ್ತಿದರೆ ಮಾಡಿಕೊಡುತ್ತದೆ. ಆದರೆ ಸ್ಕ್ರಿಪ್ಟ್ ನೋಡುವ ಆ ಕಣ್ಣು ಗುಂಡಿಗೆ ಇಲ್ಲ. ಮುಂದಿನ ವಾಕ್ಯ ಯಾವಾಗ ಬರುತ್ತದೆ, ಈ ಮೌನ ಉಸಿರಿಗೋ ಅಥವಾ ಪ್ಯಾರಾ ಮುಗಿದದ್ದಕ್ಕೋ ಎಂಬುದು ಅದಕ್ಕೆ ತಿಳಿಯದು. ಅದನ್ನು ನಾವೇ ಅಂಕಿಗಳ ರೂಪದಲ್ಲಿ ಹೇಳಿಕೊಡಬೇಕು.

ಅಂಕಿಗಳಿಗೆ ಹೋಗುವ ಮುನ್ನ, ಸಂಗೀತ ಮಾತನ್ನು ನುಂಗುವುದು ಹೇಗೆಂದು ಸ್ವಲ್ಪ ನೋಡೋಣ. ಮಾತಿನಲ್ಲಿ ಸ್ವರಗಳು ಬಲವಾದವು, ವ್ಯಂಜನಗಳು ದುರ್ಬಲ. ಆ, ಓ, ಏ ಎಂಬ ದನಿಗಳು ಗದ್ದಲದ ನಡುವೆಯೂ ಕೇಳಿಸುತ್ತವೆ. ಸ, ಶ, ತ, ಟ, ಕ ಇವು ಗಾಳಿಯ ಸಣ್ಣ ಸ್ಫೋಟಗಳು, ಸವರಾಟಗಳು. ಅವುಗಳ ಶಕ್ತಿ ಕಡಿಮೆ, ಅವಧಿಯೂ ಚಿಕ್ಕದು. ಆದರೆ "ಕಲ್ಲು" ಯಾವುದು, "ಹಲ್ಲು" ಯಾವುದು ಎಂದು ಗುರುತಿಸಿಕೊಡುವುದು ಈ ದುರ್ಬಲ ವ್ಯಂಜನಗಳೇ. ಇವುಗಳ ಗುರುತು ಹೆಚ್ಚಾಗಿ ಸಾವಿರದಿಂದ ನಾಲ್ಕು ಸಾವಿರ ಹರ್ಟ್ಸ್ ನಡುವೆ, ಸಕಾರಗಳದ್ದು ಅದಕ್ಕೂ ಮೇಲೆ ಇರುತ್ತದೆ. ವೀಣೆಯ ಮೀಟು, ಪಿಟೀಲು, ಕೊಳಲು, ತಾಳದ ಕಿಣಿಕಿಣಿ ಎಲ್ಲಕ್ಕೂ ಅದೇ ವಲಯದಲ್ಲಿ ಪಾಲಿದೆ. ಹೀಗಾಗಿ "ಯಾರೋ ಮಾತಾಡುತ್ತಿದ್ದಾರೆ" ಎಂದು ಸ್ಪಷ್ಟವಾಗಿ ಕೇಳಿಸುತ್ತದೆ, ಏನು ಹೇಳುತ್ತಿದ್ದಾರೆಂದು ಮಾತ್ರ ತಿಳಿಯುವುದಿಲ್ಲ. ಸ್ವರಗಳು ದಾಟಿ ಬಂದಿವೆ, ವ್ಯಂಜನಗಳು ಅಡಗಿಹೋಗಿವೆ.

ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಆವರ್ತನಗಳನ್ನೇ. ಎಡಿಟ್ ಮಾಡುವ ಇಪ್ಪತ್ತೈದರ ಹುಡುಗನಿಗೆ ಸಲೀಸಾಗಿ ಕೇಳುವ ಮಿಶ್ರಣ ಅವನ ಅಜ್ಜಿಗೆ ಗೊಂದಲವಾಗುವುದು ಇದರಿಂದ. ದೇವಸ್ಥಾನ, ಇತಿಹಾಸ, ಪುರಾಣದ ವಿಡಿಯೊಗಳನ್ನು ಕೂತು ಪೂರ್ತಿ ಕೇಳುವವರಲ್ಲಿ ಅಜ್ಜ ಅಜ್ಜಿಯರೇ ಬಹಳ ಮಂದಿ ಎಂಬುದನ್ನು ಇಲ್ಲಿ ಮರೆಯಬಾರದು.

ಹಾಗಾದರೆ ಸಂಗೀತ ಎಷ್ಟು ಕೆಳಗಿರಬೇಕು? ಧ್ವನಿಯ ಮಟ್ಟವನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. 6 ಡೆಸಿಬಲ್ ಇಳಿಸಿದರೆ ಧ್ವನಿ ಅಲೆಯ ಎತ್ತರ ಅರ್ಧವಾಗುತ್ತದೆ. ಆದರೆ ಕಿವಿಗೆ "ಅರ್ಧವಾಯಿತು" ಅನ್ನಿಸಲು ಸುಮಾರು 10 ಡೆಸಿಬಲ್ ಇಳಿಯಬೇಕು. ವೆಬ್ ಪುಟಗಳು ಅಂಗವಿಕಲರಿಗೂ ಎಟುಕುವಂತಿರಬೇಕೆಂದು ರೂಪಿಸಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೊಂದಿದೆ. ಅದರ ಅತ್ಯುನ್ನತ ದರ್ಜೆಯ ಪ್ರಕಾರ ಮಾತಿನ ಕೆಳಗಿನ ಸಂಗೀತ ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗಿರಬೇಕು. ಅಂದರೆ ಕಿವಿಗೆ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು. ಒಂದೆರಡು ಸೆಕೆಂಡಿನ ಸಣ್ಣಪುಟ್ಟ ಸದ್ದುಗಳಿಗೆ ಮಾತ್ರ ಅದು ರಿಯಾಯಿತಿ ಕೊಡುತ್ತದೆ. ಎಲ್ಲರೂ ಇಷ್ಟು ಇಳಿಸುವುದಿಲ್ಲ. 15ರ ಆಸುಪಾಸಿನಲ್ಲಿ ನಿಲ್ಲಿಸುವವರು ಬಹಳ. ನನ್ನ ಮಟ್ಟಿಗೆ, ತಂಬೂರಿಯಂಥ ಒಂದೇ ಸಮನೆಯ ಶ್ರುತಿಗೆ 15 ಸಾಕು. ಮೀಟು, ಪೆಟ್ಟು ಇರುವ ವಾದ್ಯಕ್ಕೆ 18ರಿಂದ 20 ಬೇಕು, ಏಕೆಂದರೆ ಸರಾಸರಿ ಮಟ್ಟ ಕೆಳಗಿದ್ದರೂ ಒಂದೊಂದು ಮೀಟು ಅದರ ಮೇಲಕ್ಕೆ ಚಿಮ್ಮುತ್ತಿರುತ್ತದೆ.

ಇಷ್ಟು ಅಂತರ ಬೇಕೆಂದಾದರೆ ಮೊದಲಿಂದ ಕೊನೆಯವರೆಗೆ ಸಂಗೀತವನ್ನೇ 20 ಡೆಸಿಬಲ್ ತಗ್ಗಿಸಿ ಬಿಟ್ಟರೆ ಆಗದೆ? ಮಾತೇನೋ ಸ್ಪಷ್ಟವಾಗುತ್ತದೆ. ಆದರೆ ಮಾತಿಲ್ಲದ ಐದಾರು ಸೆಕೆಂಡು ಬಂದಾಗ ವಿಡಿಯೊ ನಿಂತೇಹೋಯಿತೇನೋ ಎಂಬ ಅನುಮಾನ ಹುಟ್ಟುತ್ತದೆ. ನೋಡುವವರು ವಾಲ್ಯೂಮ್ ಏರಿಸುತ್ತಾರೆ, ಮರುಕ್ಷಣ ನಿರೂಪಕರ ದನಿ ಕಿವಿಗೆ ಬಡಿಯುತ್ತದೆ. ಒಂದು ಮಟ್ಟ ಸಾಲದು, ಎರಡು ಮಟ್ಟ ಬೇಕು. ಒಂದರಿಂದ ಇನ್ನೊಂದಕ್ಕೆ ಸಂಗೀತ ಯಾವಾಗ, ಎಷ್ಟು ಹೊತ್ತಿನಲ್ಲಿ ಸರಿಯಬೇಕು ಎಂಬುದೇ ಉಳಿದ ಪ್ರಶ್ನೆ.

ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ನೋಡೋಣ. ಅಡಾಸಿಟಿ ಎಂಬ ಉಚಿತ ತಂತ್ರಾಂಶ ಬಹಳ ಮಂದಿಯ ಕಂಪ್ಯೂಟರಿನಲ್ಲಿರುತ್ತದೆ, ಅದರಲ್ಲೇ ಮಾಡೋಣ. ನಮ್ಮ ನಿರೂಪಣೆ ಹೀಗಿದೆ ಎಂದುಕೊಳ್ಳಿ: "ಕಾವೇರಿ ದಂಡೆಯ ಈ ಪುಟ್ಟ ಊರಿನಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥ 1258ರಲ್ಲಿ ಒಂದು ದೇವಾಲಯ ಕಟ್ಟಿಸಿದ. ಮೂರು ಗರ್ಭಗುಡಿ, ನಕ್ಷತ್ರದಾಕಾರದ ಜಗತಿ, ಸುತ್ತ ಕಂಬಸಾಲಿನ ಕೈಸಾಲೆ. ಇಂದು ಇಲ್ಲಿ ಪೂಜೆ ನಡೆಯುವುದಿಲ್ಲ." ಆಮೇಲೆ ಹೊರಗೋಡೆಯ ಶಿಲ್ಪಗಳ ಮೇಲೆ ಕ್ಯಾಮೆರಾ ಹರಿದಾಡುವ ಒಂದಷ್ಟು ಹೊತ್ತು ಮಾತಿಲ್ಲ. ನಂತರ ಶಿಲ್ಪಿಗಳ ಕಥೆ ಶುರು. ಹಿನ್ನೆಲೆಗೆ ವೀಣೆ, ಮೃದಂಗ, ತಂಬೂರಿ.

ಮೊದಲ ಕೆಲಸ ಸಂಗೀತದ್ದಲ್ಲ, ಮಾತಿನದ್ದು. ನಿರೂಪಣೆಯನ್ನು ಒಂದು ಟ್ರ್ಯಾಕಿನಲ್ಲಿ ಬೇರೆಯಾಗಿಟ್ಟು ಅದರ ಏರಿಳಿತವನ್ನು ಹದ ಮಾಡಬೇಕು. ಅತಿ ಗಟ್ಟಿಯಾದ ಜಾಗ -3 ಡೆಸಿಬಲ್‌ಗೆ ಬರುವಂತೆ ಮಾಡಿ, ತೀರ ಮೆತ್ತಗಿರುವ ವಾಕ್ಯದ ಕೊನೆಗಳನ್ನು ಕೈಯಿಂದ ಮೂರು ನಾಲ್ಕು ಡೆಸಿಬಲ್ ಎತ್ತಿದರೆ ಮುಂದಿನ ತಾಪತ್ರಯ ಅರ್ಧ ಕಳೆಯುತ್ತದೆ. ಮಾತಿನ ಸರಾಸರಿ ಮಟ್ಟ -20ರ ಹತ್ತಿರ ಬಂತೆನ್ನಿ. ಸಂಗೀತ ಒಂಟಿಯಾಗಿ ಕೇಳುವಾಗ ಅದರ ಸರಾಸರಿ ಮಾತಿಗಿಂತ ಸ್ವಲ್ಪ ಕೆಳಗಿರಲಿ, -24ರಷ್ಟು. ಆರಂಭದ ಸಂಗೀತ ಮಾತಿಗಿಂತ ಗಟ್ಟಿಯಾಗಿದ್ದರೆ ಕೇಳುಗರು ಅದಕ್ಕೆ ತಕ್ಕಂತೆ ವಾಲ್ಯೂಮ್ ಇಳಿಸಿಕೊಂಡುಬಿಡುತ್ತಾರೆ, ಆಮೇಲೆ ಮಾತು ಸಣ್ಣದಾಗಿ ಕೇಳುತ್ತದೆ. ಸಂಗೀತ -24ರಲ್ಲಿದ್ದು, ಮಾತಿನ ಕೆಳಗೆ ಇನ್ನೂ 14 ಇಳಿದರೆ -38ಕ್ಕೆ ಬಂದು ನಿಲ್ಲುತ್ತದೆ. ಮಾತಿಗೂ ಅದಕ್ಕೂ 18 ಡೆಸಿಬಲ್ ಅಂತರ.

ಈಗ ಸಂಗೀತದ ಟ್ರ್ಯಾಕ್ ಮೇಲೆ, ಅದಕ್ಕೆ ತಗುಲಿದಂತೆ ಕೆಳಗೆ ಮಾತಿನ ಟ್ರ್ಯಾಕ್ ಬರಬೇಕು. ಈ ಅನುಕ್ರಮ ತಪ್ಪಿದರೆ ಕೆಲಸ ಆಗುವುದಿಲ್ಲ. ತಂತ್ರಾಂಶ ಆಯ್ದ ಟ್ರ್ಯಾಕಿನ ಕೆಳಗಿನದನ್ನೇ ಮಾತೆಂದು ಓದುತ್ತದೆ. ಸಂಗೀತವನ್ನು ಮಾತ್ರ ಆಯ್ದು, Effect ಮೆನುವಿನಿಂದ Auto Duck ತೆರೆಯಿರಿ. ಅಲ್ಲಿರುವ ಆರೇಳು ಅಂಕಿಗಳಲ್ಲಿ ನಮಗೆ ಮುಖ್ಯವಾದವು ಐದು.

Duck amount ಎಂದರೆ ಎಷ್ಟು ತಗ್ಗಿಸಬೇಕು. ಅಲ್ಲಿ ಮೊದಲೇ -12 ಇರುತ್ತದೆ, ನಾವು -14 ಹಾಕೋಣ. Outer fade down length ಎಂದರೆ ಮಾತು ಶುರುವಾಗುವ ಎಷ್ಟು ಮೊದಲು ಇಳಿಯತೊಡಗಬೇಕು. ಮೊದಲೇ ಧ್ವನಿಮುದ್ರಣವಾದ ಮಾತಾದ್ದರಿಂದ ತಂತ್ರಾಂಶಕ್ಕೆ ಮುಂದೇನು ಬರುತ್ತದೆಂದು ಗೊತ್ತು; ಅದು ಮುಂಚಿತವಾಗಿ ಇಳಿಯಬಲ್ಲದು. ಅರ್ಧ ಸೆಕೆಂಡು ಇರುವಲ್ಲಿ ಒಂದು ಸೆಕೆಂಡು ಕೊಟ್ಟರೆ "ಕಾವೇರಿ"ಯ "ಕಾ" ಬರುವಷ್ಟರಲ್ಲಿ ಸಂಗೀತ ಆಗಲೇ ಕೆಳಗೆ ನೆಲೆಸಿರುತ್ತದೆ. Outer fade up length ಎಂದರೆ ಮಾತು ಮುಗಿದ ಮೇಲೆ ಏರಲು ಎಷ್ಟು ಹೊತ್ತು. ಇದಕ್ಕೂ ಅರ್ಧ ಸೆಕೆಂಡು ಇಟ್ಟಿರುತ್ತಾರೆ, ಅದು ತೀರ ಅವಸರ. 2 ಸೆಕೆಂಡು ಕೊಡಿ. ಇಳಿಯುವುದು ಚುರುಕಾಗಿದ್ದರೂ ಕಿವಿ ಒಪ್ಪುತ್ತದೆ, ಏಕೆಂದರೆ ಆ ಕ್ಷಣ ಗಮನ ಹೊಸದಾಗಿ ಬಂದ ಮಾತಿನ ಮೇಲಿರುತ್ತದೆ. ಏರುವಾಗ ಗಮನ ಸೆಳೆಯಲು ಬೇರೇನೂ ಇರುವುದಿಲ್ಲ. ಏರಿಕೆಯೇ ಕಣ್ಣಿಗೆ ಬಿದ್ದಂತೆ ಕೇಳುತ್ತದೆ.

ನಾಲ್ಕನೆಯದು Maximum pause. ಯಾರೂ ಮುಟ್ಟದೆ ಬಿಡುವ ಅಂಕಿ ಇದು, ಆದರೆ ಸಹಜತೆಯೆಲ್ಲ ಇದರ ಮೇಲೆ ನಿಂತಿದೆ. ಇದಕ್ಕಿಂತ ಚಿಕ್ಕ ಮೌನವನ್ನು ತಂತ್ರಾಂಶ ಮೌನವೆಂದು ಎಣಿಸುವುದೇ ಇಲ್ಲ, ಸಂಗೀತವನ್ನು ಕೆಳಗೇ ಇಟ್ಟಿರುತ್ತದೆ. ಮೊದಲೇ ಇರುವುದು 1 ಸೆಕೆಂಡು. ನಮ್ಮ ನಿರೂಪಣೆಯಲ್ಲಿ "ಮೂರು ಗರ್ಭಗುಡಿ" ಆದ ಮೇಲೆ ಅಲ್ಪವಿರಾಮದ ಅರ್ಧ ಸೆಕೆಂಡು, "ಕಟ್ಟಿಸಿದ" ಆದ ಮೇಲೆ ಒಂದೂಕಾಲು ಸೆಕೆಂಡು ಮೌನವಿದೆ. 1 ಸೆಕೆಂಡಿನ ಲೆಕ್ಕದಲ್ಲಿ ಪ್ರತಿ ಪೂರ್ಣವಿರಾಮಕ್ಕೂ ವೀಣೆ ತಲೆಯೆತ್ತಿ, ಏರಿ ಮುಗಿಯುವಷ್ಟರಲ್ಲಿ ಮತ್ತೆ ತಲೆ ತಗ್ಗಿಸುತ್ತದೆ. ನಾಲ್ಕು ನಿಮಿಷದಲ್ಲಿ ಹೀಗೆ ಹತ್ತಾರು ಬಾರಿ. ಕೇಳುಗರಿಗೆ ಕಾರಣ ತಿಳಿಯದಿದ್ದರೂ ಏನೋ ಏದುಸಿರು ಬಿಡುತ್ತಿರುವಂತೆ ಭಾಸವಾಗಿ ಬೇಗ ಸುಸ್ತಾಗುತ್ತದೆ. ಧ್ವನಿ ತಂತ್ರಜ್ಞರು ಇದನ್ನು ಪಂಪಿಂಗ್ ಎಂದು ಬಯ್ಯುತ್ತಾರೆ.

ಲೆಕ್ಕ ಹಾಕಿದರೆ ಸರಿಯಾದ ಅಂಕಿ ತಾನಾಗಿ ಸಿಗುತ್ತದೆ. ಏರಲು 2 ಸೆಕೆಂಡು, ಮತ್ತೆ ಇಳಿಯಲು 1 ಸೆಕೆಂಡು, ಒಟ್ಟು 3. ಇದಕ್ಕಿಂತ ಚಿಕ್ಕ ಬಿಡುವಿನಲ್ಲಿ ಏರಿಳಿತ ಹಿಡಿಸುವುದೇ ಇಲ್ಲ. ಅಡಾಸಿಟಿಯೂ Maximum pause ಈ ಎರಡರ ಮೊತ್ತಕ್ಕಿಂತ ಕಡಿಮೆಯಿದ್ದರೆ ಮೊತ್ತವನ್ನೇ ಹಿಡಿಯುತ್ತದೆ. ಆದರೆ ಸರಿಯಾಗಿ 3 ಸೆಕೆಂಡಿನ ಬಿಡುವಿನಲ್ಲಿ ಸಂಗೀತ ತುದಿ ಮುಟ್ಟಿದ ಕೂಡಲೇ ಹಿಂದಿರುಗಬೇಕಾಗುತ್ತದೆ. ಬಂದದ್ದೇಕೆ, ಹೋದದ್ದೇಕೆ ಎಂಬಂತೆ. ಹಾಗಾಗಿ 4 ಇಡೋಣ. 4 ಸೆಕೆಂಡಿಗೂ ಮೇಲಿನ ಮೌನ ಬಂದಾಗ ಮಾತ್ರ ವೀಣೆ ಏಳುತ್ತದೆ, ಪೂರ್ತಿ ಮಟ್ಟದಲ್ಲಿ ಕನಿಷ್ಠ ಒಂದು ಸೆಕೆಂಡಾದರೂ ನಿಂತು ಇಳಿಯುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಾಗುತ್ತದೆ. ಸಂಗೀತ ಮರಳಿ ಬರಲು ನಾಲ್ಕು ಸೆಕೆಂಡಿಗಿಂತ ಹೆಚ್ಚಿನ ಜಾಗ ಬೇಕೆಂದರೆ ಆ ಜಾಗವನ್ನು ನಿರೂಪಣೆಯೇ ಬಿಟ್ಟಿರಬೇಕು. ಎಡೆಬಿಡದೆ ಓದಿದ ಸ್ಕ್ರಿಪ್ಟಿಗೆ ಯಾವ ತಂತ್ರಾಂಶವೂ ಸಹಜವಾದ ಏರಿಳಿತ ಕೊಡಲಾರದು. ಬರೆಯುವಾಗಲೇ "ಇಲ್ಲಿ ಆರು ಸೆಕೆಂಡು ಚಿತ್ರ ಮಾತ್ರ" ಎಂದು ಅಂಚಿನಲ್ಲಿ ಗುರುತು ಹಾಕಿಕೊಂಡವರ ಮಿಶ್ರಣ ಕೇಳಲು ಸುಖವಾಗಿರುವುದು ಈ ಕಾರಣಕ್ಕೇ. ಓದಿ ಮುಗಿದ ಮೇಲೆ ಹೊಳೆದರೂ ಚಿಂತೆಯಿಲ್ಲ; ಮಾತಿನ ಟ್ರ್ಯಾಕನ್ನು ಆ ಜಾಗದಲ್ಲಿ ಕತ್ತರಿಸಿ ಮುಂದಿನದನ್ನು ಬಲಕ್ಕೆ ಸರಿಸಿದರಾಯಿತು.

ಐದನೆಯ ಅಂಕಿ Threshold, ಮಾತು ಯಾವ ಮಟ್ಟ ದಾಟಿದರೆ ಅದನ್ನು ಮಾತೆಂದು ಲೆಕ್ಕಕ್ಕೆ ಹಿಡಿಯಬೇಕು ಎಂಬುದು. ಮೊದಲು ಹೇಳಿದ "ವುದಿಲ್ಲ"ದ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಅಲ್ಲಿ -30 ಇರುತ್ತದೆ. "ಇಂದು" -15ರಲ್ಲಿ, "ಪೂಜೆ" -18ರಲ್ಲಿ ಇದ್ದು, "ವುದಿಲ್ಲ" ಇಳಿಯುತ್ತಾ ಇಳಿಯುತ್ತಾ -33ಕ್ಕೆ ಬಂದಿದೆ ಎಂದುಕೊಳ್ಳಿ. ತಂತ್ರಾಂಶದ ಪಾಲಿಗೆ ಮಾತು "ನಡೆಯು"ವಿನಲ್ಲೇ ಮುಗಿದುಹೋಯಿತು. ಅದು ಕಾಯುವುದಿಲ್ಲ, ಆ ಬಿಂದುವಿನಿಂದಲೇ ಸಂಗೀತವನ್ನು ಏರಿಸಲು ತೊಡಗುತ್ತದೆ. ಏರಲು ಅರ್ಧ ಸೆಕೆಂಡು ಮಾತ್ರ ಕೊಟ್ಟಿದ್ದರೆ "ಇಲ್ಲ" ಬರುವ ಹೊತ್ತಿಗೆ ವೀಣೆ ಪೂರ್ತಿ ಮಟ್ಟದಲ್ಲಿರುತ್ತದೆ. 2 ಸೆಕೆಂಡು ಕೊಟ್ಟಿದ್ದರಿಂದ ಆ ಹೊತ್ತಿಗೆ ಮೂರು ನಾಲ್ಕು ಡೆಸಿಬಲ್ ಅಷ್ಟೇ ಏರಿರುತ್ತದೆ. ಅಷ್ಟೂ ಬೇಡವೆಂದರೆ Threshold ಅನ್ನು -40ಕ್ಕೆ ಇಳಿಸಬೇಕು. ಆಗ "ವುದಿಲ್ಲ"ವೂ ಮಾತಿನ ಲೆಕ್ಕಕ್ಕೆ ಸೇರುತ್ತದೆ.

ಹಾಗೆಂದು ಇಷ್ಟಬಂದಷ್ಟು ಇಳಿಸುವಂತಿಲ್ಲ. ಫ್ಯಾನ್ ತಿರುಗುತ್ತಿದ್ದ ಕೋಣೆಯಲ್ಲಿ ಧ್ವನಿಮುದ್ರಣ ಮಾಡಿದ್ದರೆ ಮಾತಿಲ್ಲದಾಗಲೂ ಟ್ರ್ಯಾಕಿನಲ್ಲಿ -42ರಷ್ಟು ಗುಂಯ್‌ಗುಡುವಿಕೆ ಇರಬಹುದು. Threshold ಅನ್ನು -45ಕ್ಕೆ ಇಟ್ಟರೆ ಆ ಫ್ಯಾನನ್ನೇ ಮಾತೆಂದು ತಿಳಿದು ಸಂಗೀತ ಎಂದೂ ಮೇಲೇಳುವುದಿಲ್ಲ. "ಸಂಗೀತ ಇಳಿಯಿತು, ಆದರೆ ವಾಪಸು ಬರಲೇ ಇಲ್ಲ" ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಮಾತಿಲ್ಲದ ಜಾಗದ ಮಟ್ಟವನ್ನು ಮೀಟರಿನಲ್ಲಿ ಒಮ್ಮೆ ನೋಡಿ, ಅದಕ್ಕಿಂತ ನಾಲ್ಕೈದು ಡೆಸಿಬಲ್ ಮೇಲಿಟ್ಟರೆ ಸರಿಹೋಗುತ್ತದೆ. ಆ ಅಂತರ ಸಿಗದಷ್ಟು ಗದ್ದಲವಿದ್ದರೆ ಮಾತಿನ ತುಂಡುಗಳ ನಡುವಿನ ಸದ್ದನ್ನು ಆಯ್ದು ಮೌನ ಮಾಡಿದ ಒಂದು ಪ್ರತಿಯನ್ನು ತಯಾರಿಸಿ, ಅದನ್ನು ಸಂಗೀತದ ಕೆಳಗಿಟ್ಟು Auto Duck ಹಾಕಬಹುದು; ಕೆಲಸವಾದ ಮೇಲೆ ಆ ಪ್ರತಿಯನ್ನು ಅಳಿಸಿದರಾಯಿತು.

ಕೊನೆಗೆ ಲೆಕ್ಕ ತಾಳೆಯಾಯಿತೇ ಎಂದು ನೋಡಲು ಅಡಾಸಿಟಿಯಲ್ಲೇ ಒಂದು ಅಳತೆಗೋಲಿದೆ. Analyze ಮೆನುವಿನ Contrast. ಮಾತಿನ ಟ್ರ್ಯಾಕಿನಲ್ಲಿ ದೊಡ್ಡ ಮೌನಗಳಿಲ್ಲದ ಒಂದು ತುಂಡನ್ನು ಆಯ್ದು ಅಳೆಯಬೇಕು, ಆಮೇಲೆ ಅದೇ ಹೊತ್ತಿನ ಸಂಗೀತವನ್ನು ಆಯ್ದು ಅಳೆಯಬೇಕು. ಎರಡರ ನಡುವಿನ ಅಂತರವನ್ನು ಅದು ಹೇಳುತ್ತದೆ. 20 ಡೆಸಿಬಲ್ ಇದ್ದರೆ ಪಾಸು, ಇಲ್ಲದಿದ್ದರೆ ಫೇಲು. ನಮ್ಮ 18 ಅಲ್ಲಿ ಫೇಲಾಗುತ್ತದೆ. ಶಾಲಾ ಪಾಠಕ್ಕೋ, ಆರೋಗ್ಯದ ಸೂಚನೆಗೋ ಮಾಡಿದ ಧ್ವನಿಯಾದರೆ ನಾನು ಇನ್ನೆರಡು ಡೆಸಿಬಲ್ ಇಳಿಸಿ ಪಾಸು ಮಾಡಿಸುತ್ತೇನೆ. ದೇವಾಲಯದ ವಿಡಿಯೊಕ್ಕೆ 18ರಲ್ಲೇ ಬಿಡುತ್ತೇನೆ.

ಅಂಕಿಗಳೆಲ್ಲ ಸರಿಯಿದ್ದೂ ಏರಿಕೆ ಅಸಹಜವಾಗಿ ಕೇಳುವುದುಂಟು. ಆಗ ತಪ್ಪು ಸಂಗೀತದ ಒಳಗಿರುತ್ತದೆ. ಮಾತು ಮುಗಿದ ಗಳಿಗೆಗೆ ವೀಣೆ ಒಂದು ಸಂಗತಿಯ ನಟ್ಟನಡುವೆ ಇತ್ತೆನ್ನಿ. ಅಲ್ಲಿಂದ ಅದು ಮೇಲೇಳುತ್ತಾ ಬಂದರೆ, ಕಚೇರಿ ನಡೆಯುತ್ತಿರುವ ಸಭಾಂಗಣದ ಬಾಗಿಲನ್ನು ಯಾರೋ ತೆರೆದಂತಾಗುತ್ತದೆ. ಸಂಗೀತ ತಾನಾಗಿ ಬಂತು ಅನ್ನಿಸಬೇಕಾದರೆ ಬಿಡುವಿನೊಳಗೆ ಒಂದು ಸಂಗತಿ ಹುಟ್ಟಿ ಮುಗಿಯಬೇಕು. ಆದಿತಾಳದ ಎಂಟು ಅಕ್ಷರ, ನಿಮಿಷಕ್ಕೆ 80ರ ಗತಿ ಎಂದರೆ ಒಂದು ಆವರ್ತನಕ್ಕೆ ಸರಿಯಾಗಿ 6 ಸೆಕೆಂಡು. ಶಿಲ್ಪಗಳ ಮೇಲೆ ಕ್ಯಾಮೆರಾ ಓಡಾಡುವ ಬಿಡುವನ್ನು 7 ಸೆಕೆಂಡು ಇಟ್ಟು, ಮಾತು ಮುಗಿದ ಅರ್ಧ ಸೆಕೆಂಡಿಗೆ ಸಮ ಬೀಳುವಂತೆ ಸಂಗೀತದ ತುಂಡನ್ನು ಹಿಂದೆ ಮುಂದೆ ಸರಿಸಿದರೆ ಒಂದು ಪೂರ್ತಿ ಆವರ್ತನ ಆ ಬಿಡುವಿನಲ್ಲಿ ಕೂರುತ್ತದೆ. ಮುಂದಿನ ಸಮಕ್ಕೆ ಸಂಗೀತ ಆಗಲೇ ತಗ್ಗಿರುತ್ತದೆ, ಮಾತು ಹೊರಡುತ್ತದೆ. ಇದಕ್ಕೆ ಯಾವ ಎಫೆಕ್ಟೂ ಬೇಡ, ತಾಳ ಹಾಕಲು ಬಂದರೆ ಸಾಕು. ನಮ್ಮಲ್ಲಿ ಸಂಗೀತ ಕಲಿತು ಎಡಿಟಿಂಗಿಗೆ ಬಂದವರು ಇದನ್ನು ಯಾರೂ ಹೇಳಿಕೊಡದೆಯೇ ಮಾಡುವುದನ್ನು ನೋಡಿದ್ದೇನೆ.

ಸಂಗೀತದ ತುಂಡನ್ನು ಸರಿಸುವ ಈ ಕೆಲಸ Auto Duck ಹಾಕುವ ಮುಂಚೆ ಆಗಬೇಕು. ಆಮೇಲೆ ಸರಿಸಿದರೆ ಏರಿಳಿತಗಳೂ ಅದರ ಜೊತೆಗೇ ಸರಿದು, ಇಳಿಯಬೇಕಾದಲ್ಲಿ ಏರಿ ಕೂರುತ್ತವೆ. ಒಂದೆರಡು ಜಾಗ ಮಾತ್ರ ಕೈಕೊಡುತ್ತಿದ್ದರೆ ಸ್ವಯಂಚಾಲಿತವನ್ನೇ ಬಿಟ್ಟು Envelope ಉಪಕರಣದಿಂದ ಕೈಯಲ್ಲೇ ಬಿಂದುಗಳನ್ನಿಟ್ಟು ಗೆರೆ ಎಳೆಯಬಹುದು. ನಾಲ್ಕು ನಿಮಿಷದ ನಿರೂಪಣೆಗೆ ಬಿಡುವುಗಳು ಐದಾರು ಇರುತ್ತವೆ, ಒಂದೊಂದಕ್ಕೆ ನಾಲ್ಕು ಬಿಂದು. ಅರ್ಧ ಗಂಟೆಯ ಕೆಲಸ. ರೇಡಿಯೊದ ಫೇಡರಿನ ಹಾಗೆಯೇ ಇದೂ ಸ್ಕ್ರಿಪ್ಟ್ ಓದಬಲ್ಲ ಕಣ್ಣಿನ ಕೆಲಸವಾದ್ದರಿಂದ ಫಲಿತಾಂಶ ಬಹುತೇಕ ಯಾವಾಗಲೂ ಯಂತ್ರಕ್ಕಿಂತ ಚೆನ್ನಾಗಿರುತ್ತದೆ.

ಇನ್ನೊಂದು ಬಗೆಯ ಡಕಿಂಗ್ ಇದೆ, ಸೈಡ್‌ಚೈನ್ ಕಂಪ್ರೆಸರ್. ಇದು ನಿಂತ ನಿಲುವಿನಲ್ಲಿ ಮಾತಿನ ಬಲ ನೋಡಿ, ಅದಕ್ಕೆ ತಕ್ಕಷ್ಟು ಸಂಗೀತವನ್ನು ಒತ್ತುತ್ತದೆ. ಮಾತು ಗಟ್ಟಿಯಾದಷ್ಟೂ ಸಂಗೀತ ಕೆಳಗೆ, ಮಾತು ಮೆತ್ತಗಾದಷ್ಟೂ ಸಂಗೀತ ಮೇಲೆ. ಕನ್ನಡದ ವಾಕ್ಯದ ಕೊನೆಗೆ ಇದು ಎಂಥ ಪೀಕಲಾಟ ತಂದಿಡುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಅದರ ಎರಡು ಸಮಯಗಳು ಮುಖ್ಯ: ಒತ್ತಲು ತೆಗೆದುಕೊಳ್ಳುವ ಅಟ್ಯಾಕ್, ಬಿಡಲು ತೆಗೆದುಕೊಳ್ಳುವ ರಿಲೀಸ್. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನದ sidechaincompress ಫಿಲ್ಟರಿನಲ್ಲಿ ನಾವೇನೂ ಬರೆಯದಿದ್ದರೆ ರಿಲೀಸ್ ಕಾಲು ಸೆಕೆಂಡು ಇರುತ್ತದೆ. ಕಾಲು ಸೆಕೆಂಡೆಂದರೆ ಎರಡು ಪದಗಳ ನಡುವಿನ ಸಂದಿ! ಸಂಗೀತ ಪದ ಪದಕ್ಕೂ ಜಿಗಿಯುತ್ತದೆ. ಅದನ್ನು ಒಂದರಿಂದ ಒಂದೂವರೆ ಸೆಕೆಂಡಿಗೆ ಎಳೆದರೆ ಬಾಳಿಕೆಗೆ ಬರುತ್ತದೆ. ಮದುವೆ ಮನೆಯಲ್ಲೋ ರಾಜ್ಯೋತ್ಸವದ ವೇದಿಕೆಯಲ್ಲೋ ನೇರವಾಗಿ ಮೈಕಿನಲ್ಲಿ ಮಾತಾಡುವಾಗ ಬೇರೆ ದಾರಿಯೂ ಇಲ್ಲ, ಮುಂದಿನ ಮಾತನ್ನು ಮೊದಲೇ ಕೇಳಲು ಆಗದಲ್ಲ. ಆಗ ಅಟ್ಯಾಕ್ ಚುರುಕಾಗಿರಬೇಕು, ರಿಲೀಸ್ ಸೋಮಾರಿಯಾಗಿರಬೇಕು, ನಿರೂಪಕರು "ಮಾನ್ಯರೇ" ಎಂಬ ಮೊದಲ ಪದವನ್ನು ಸ್ವಲ್ಪ ಎಳೆದು ಹೇಳಬೇಕು. ಆ ಪದ ಹಾಳಾದರೂ ನಷ್ಟವಿಲ್ಲ.

ಸಾಹಿತ್ಯವಿರುವ ಹಾಡನ್ನು ಮಾತಿನ ಕೆಳಗೆ ಇಡಲೇಬೇಡಿ. 20 ಡೆಸಿಬಲ್ ಇಳಿಸಿದರೂ ಕಿವಿ ಆ ಪದಗಳ ಬೆನ್ನು ಹತ್ತುತ್ತದೆ, ಅದರಲ್ಲೂ ಗೊತ್ತಿರುವ ಹಾಡಾದರೆ ಮನಸ್ಸು ಮುಂದಿನ ಸಾಲನ್ನು ತಾನೇ ಹಾಡಿಕೊಳ್ಳುತ್ತದೆ. ವಾದ್ಯಗಳಲ್ಲೂ ಪಿಟೀಲು, ಕೊಳಲು, ನಾಗಸ್ವರ ಮನುಷ್ಯನ ದನಿಯ ಹಾಗೆ ಎಳೆದೆಳೆದು ನುಡಿಯುವುದರಿಂದ ಮಾತಿನೊಂದಿಗೆ ಪೈಪೋಟಿಗೆ ಬೀಳುತ್ತವೆ. ಅವನ್ನು ಬಿಡುವುಗಳಿಗೆ ಮೀಸಲಿಟ್ಟು, ಮಾತಿನ ಕೆಳಗೆ ಶ್ರುತಿ ಮತ್ತು ಮೆಲ್ಲನೆಯ ಮೃದಂಗ ಉಳಿಸಿಕೊಳ್ಳಲು ಸಾಧ್ಯವಾದರೆ ಅರ್ಧ ಡಕಿಂಗ್ ವಾದ್ಯಸಂಯೋಜನೆಯಲ್ಲೇ ಮುಗಿದಿರುತ್ತದೆ.

ಪರೀಕ್ಷೆ ಮಾಡುವಾಗ ಹೆಡ್‌ಫೋನನ್ನು ನಂಬಬೇಡಿ. ಅದರಲ್ಲಿ ಸಂಗೀತ ಎಡಕ್ಕೂ ಬಲಕ್ಕೂ ಹರಡಿಕೊಂಡು ಮಾತು ನಡುವೆ ಒಂಟಿಯಾಗಿ ನಿಲ್ಲುವುದರಿಂದ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತದೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಎಡ, ಬಲ ಎರಡೂ ಸೇರಿ ಮಾತಿನ ಮೇಲೆಯೇ ಬಂದು ಬೀಳುತ್ತವೆ. ಮೃದಂಗದ ಎಡಗಡೆಯ ಗುಮುಕು ಆ ಸಣ್ಣ ಸ್ಪೀಕರಿನಲ್ಲಿ ಹೊರಡುವುದೇ ಇಲ್ಲ, ಉಳಿಯುವುದು ವ್ಯಂಜನಗಳ ವಲಯದಲ್ಲಿರುವ ಚುರುಕು ಮೀಟುಗಳು ಮಾತ್ರ. ಆದ್ದರಿಂದ ಮೊಬೈಲನ್ನು ಮೇಜಿನ ಮೇಲಿಟ್ಟು, ವಾಲ್ಯೂಮ್ ಕಡಿಮೆ ಮಾಡಿ, ಸ್ಕ್ರಿಪ್ಟ್ ಓದದ ಒಬ್ಬರಿಗೆ ಕೇಳಿಸಿ. ಬರೆದವರ, ಓದಿದವರ, ಎಡಿಟ್ ಮಾಡಿದವರ ಕಿವಿ ಇದಕ್ಕೆ ಬಾರದು. ಕೇಳಿಸದ ಅಕ್ಷರಗಳನ್ನೂ ಅವರ ನೆನಪು ತುಂಬಿಕೊಡುತ್ತದೆ. "ಚೆನ್ನಾಗಿದೆಯಾ" ಎಂದು ಕೇಳದೆ, "ಅಲ್ಲಿ ಈಗ ಪೂಜೆ ನಡೆಯುತ್ತದಾ" ಎಂದು ಕೇಳಿ. ಉತ್ತರ ತಪ್ಪಿದರೆ Threshold ಮತ್ತು ಏರಿಕೆಯ ಅವಧಿಗೆ ಹಿಂತಿರುಗಿ.

ಇಷ್ಟೆಲ್ಲ ಮಾಡಿ ಮುಗಿಸಿದವರು ಎಂಪಿ3 ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಅಳಿಸಿಬಿಡಬೇಡಿ. ಒಮ್ಮೆ ಬೆರೆತ ಮಾತನ್ನೂ ಸಂಗೀತವನ್ನೂ ಮತ್ತೆ ಮೊದಲಿನ ಹಾಗೆ ಬೇರ್ಪಡಿಸಲಾಗದು. ಟ್ರ್ಯಾಕುಗಳು ಬೇರೆ ಬೇರೆಯಾಗಿರುವ .aup3 ಕಡತವನ್ನು ಕಾಪಿಟ್ಟುಕೊಳ್ಳಿ, ಸಂಗೀತವಿಲ್ಲದ ಬರೀ ಮಾತಿನ ಪ್ರತಿಯೊಂದನ್ನೂ ತೆಗೆದಿಡಿ. ಕಿವಿ ಮಂದವಾದ ಹಿರಿಯರೊಬ್ಬರು ಕೇಳಿದರೆ ಅದನ್ನೇ ಕಳಿಸಿಕೊಡಬಹುದು.